ಪ್ರಶ್ನೆಪತ್ರಿಕೆಯ ಹಿಂದಿನ ನೀಲನಕ್ಷೆ

ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಕ್ಕಳ ಕೈ ಸೇರುವ ಮೊದಲು ಮೇಷ್ಟ್ರ ಮೇಜಿನ ಮೇಲೆ ಇನ್ನೊಂದು ಕಾಗದ ಸಿದ್ಧವಾಗಿರಬೇಕು. ಅದರಲ್ಲಿ ಪ್ರಶ್ನೆಗಳಿರುವುದಿಲ್ಲ, ಬರೀ ಚೌಕಗಳು. ಎಡಗಡೆ ಪಾಠಗಳ ಹೆಸರು, ಮೇಲ್ಗಡೆ ಸ್ಮರಣೆ, ಅನ್ವಯ, ವಿಶ್ಲೇಷಣೆ ಎಂಬ ಕಲಿಕೆಯ ಉದ್ದೇಶಗಳು, ಚೌಕಗಳಲ್ಲಿ ಅಂಕಗಳು. ಇದೇ ನೀಲನಕ್ಷೆ. ಉದ್ದೇಶಗಳನ್ನು ಹೀಗೆ ಮೆಟ್ಟಿಲು ಮಾಡಿ ನೋಡುವ ಕ್ರಮ ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ವರ್ಗೀಕರಣದಿಂದ ಹೆಚ್ಚು ಬಳಕೆಗೆ ಬಂತು.

ಒಂಬತ್ತನೇ ತರಗತಿಯ ವಿಜ್ಞಾನಕ್ಕೆ 40 ಅಂಕಗಳ ಪತ್ರಿಕೆ ತಯಾರಿಸಬೇಕು ಎಂದುಕೊಳ್ಳೋಣ. ದ್ರವ್ಯದ ಪಾಠಕ್ಕೆ 9 ಪೀರಿಯಡ್, ಜೀವಕೋಶಕ್ಕೆ 9, ಚಲನೆಗೆ 12 ಹಿಡಿದಿವೆ. ಪಾಠಕ್ಕೆ ಹಿಡಿದ ಹೊತ್ತಿಗೆ ತಕ್ಕಂತೆ ಅಂಕ ಹಂಚಿದರೆ ಕ್ರಮವಾಗಿ 12, 12, 16 ಆಗುತ್ತದೆ. ಇನ್ನು ಉದ್ದೇಶಗಳ ಸರದಿ. ಸ್ಮರಣೆಗೆ 16, ಅನ್ವಯಕ್ಕೆ 14, ವಿಶ್ಲೇಷಣೆಗೆ 10 ಎಂದು ತೀರ್ಮಾನವಾಯಿತು. ಈ ಪಾಲನ್ನು ಎಲ್ಲ ಪಾಠಗಳಿಗೂ ಒಂದೇ ಅಳತೆಯಲ್ಲಿ ಹಂಚಬೇಕಿಲ್ಲ. ಜೀವಕೋಶದಲ್ಲಿ ಭಾಗಗಳ ಹೆಸರು, ಕೆಲಸ ನೆನಪಿಡುವುದು ಹೆಚ್ಚು, ಹಾಗಾಗಿ ಅಲ್ಲಿ 7, 3, 2. ಚಲನೆಯಲ್ಲಿ ಲೆಕ್ಕ, ನಕ್ಷೆಗಳದ್ದೇ ಕಾರುಬಾರು, ಅಲ್ಲಿ 4, 7, 5. ಉಳಿದ 5, 4, 3 ದ್ರವ್ಯಕ್ಕೆ. ಅಡ್ಡ ಕೂಡಿದರೂ ಉದ್ದ ಕೂಡಿದರೂ ಲೆಕ್ಕ ತಾಳೆಯಾಗಬೇಕು.

ಕೋಷ್ಟಕ ತುಂಬುವುದು ಸುಲಭದ ಕೆಲಸ. ಯಾವ ಪ್ರಶ್ನೆ ಯಾವ ಚೌಕಕ್ಕೆ ಸೇರುತ್ತದೆ ಎನ್ನುವಲ್ಲಿ ನಿಜವಾದ ಕಷ್ಟವಿದೆ. ಚಲನೆಯ ಪಾಠವನ್ನೇ ನೋಡಿ. ‘ವೇಗೋತ್ಕರ್ಷ ಎಂದರೇನು?’ ಸ್ಮರಣೆ, ಅನುಮಾನವಿಲ್ಲ. ‘ನಿಂತಿದ್ದ ಬಸ್ಸು 10 ಸೆಕೆಂಡಿನಲ್ಲಿ ಸೆಕೆಂಡಿಗೆ 20 ಮೀಟರ್ ವೇಗ ಪಡೆಯಿತು, ವೇಗೋತ್ಕರ್ಷ ಎಷ್ಟು?’ ಇದು ಅನ್ವಯ. ಇನ್ನು ಒಂದು ಸ್ಕೂಟರಿನ ವೇಗ–ಕಾಲ ನಕ್ಷೆ ಕೊಡೋಣ: ಮೊದಲ 5 ಸೆಕೆಂಡು ಗೆರೆ ಮೇಲೇರಿ 15 ಮುಟ್ಟುತ್ತದೆ, ಮುಂದಿನ 10 ಸೆಕೆಂಡು ಅಡ್ಡಕ್ಕೆ ಸಾಗುತ್ತದೆ, ಕೊನೆಗೆ ಇಳಿದು ಸೊನ್ನೆಗೆ ಬರುತ್ತದೆ. ‘ನಡುವಿನ 10 ಸೆಕೆಂಡು ಸ್ಕೂಟರ್ ನಿಂತಿತ್ತು ಎನ್ನುತ್ತಾಳೆ ಒಬ್ಬ ಹುಡುಗಿ. ಸರಿಯೇ? ಕಾರಣ ಕೊಡಿ.’ ಇಲ್ಲಿ ಮಗು ನಕ್ಷೆಯನ್ನು ಬಿಡಿಸಿ ಓದಬೇಕು. ವೇಗ ಬದಲಾಗಿಲ್ಲ, ಆದ್ದರಿಂದ ವೇಗೋತ್ಕರ್ಷ ಸೊನ್ನೆ, ಆದರೂ ಸ್ಕೂಟರ್ ಅಷ್ಟರಲ್ಲಿ 150 ಮೀಟರ್ ಹೋಗಿದೆ ಎಂಬ ಎಳೆಗಳನ್ನು ಬೇರೆ ಮಾಡಿ ಜೋಡಿಸಬೇಕು. ಇದು ವಿಶ್ಲೇಷಣೆ.

ಆದರೆ ಇದೇ ನಕ್ಷೆಯನ್ನು ಹಿಂದಿನ ವಾರ ಬೋರ್ಡಿನ ಮೇಲೆ ಬರೆದು ಉತ್ತರ ಹೇಳಿಸಿದ್ದರೆ? ಆಗ ಪ್ರಶ್ನೆ ಸ್ಮರಣೆಗೆ ಇಳಿಯಿತು. ಬಸ್ಸಿನ ಲೆಕ್ಕವೂ ಅಷ್ಟೇ, ನೋಟ್ಸಿನಲ್ಲಿ ಅದೇ ಅಂಕಿಗಳಿದ್ದರೆ ಮಗು ಉರುಹೊಡೆದದ್ದನ್ನು ಒಪ್ಪಿಸುತ್ತದೆ. ಪ್ರಶ್ನೆಯ ಮಟ್ಟವನ್ನು ‘ಕಾರಣ ಕೊಡಿ’, ‘ವಿಶ್ಲೇಷಿಸಿ’ ಎಂಬ ಕ್ರಿಯಾಪದ ನೋಡಿ ಹೇಳಲಾಗದು. ತರಗತಿಯಲ್ಲಿ ಏನು ನಡೆದಿದೆ ಎಂಬುದನ್ನು ಬಲ್ಲವರು ಮಾತ್ರ ಹೇಳಬಲ್ಲರು. ಉತ್ತರಪತ್ರಿಕೆಗಳಲ್ಲೂ ಇದರ ಗುರುತು ಸಿಗುತ್ತದೆ. ವಿಶ್ಲೇಷಣೆಯ ಪ್ರಶ್ನೆಗೆ ಇಡೀ ತರಗತಿ ಒಂದೇ ವಾಕ್ಯ ಬರೆದಿದ್ದರೆ ಅದು ಬಾಯಿಪಾಠದ ಫಲ.

ಕಠಿಣ ಪ್ರಶ್ನೆಯೆಲ್ಲ ವಿಶ್ಲೇಷಣೆಯೂ ಆಗದು. ಪಾಠದ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿದ್ದ ಇಸವಿಯನ್ನು ಕೇಳಿದರೆ ಯಾರಿಗೂ ಉತ್ತರ ಹೊಳೆಯದಿರಬಹುದು, ಆದರೂ ಅದು ಸ್ಮರಣೆಯೇ. ಅದಕ್ಕೇ ನೀಲನಕ್ಷೆಯಲ್ಲಿ ಸುಲಭ, ಸಾಧಾರಣ, ಕಠಿಣ ಎಂಬ ಹಂಚಿಕೆಯನ್ನು ಬೇರೆಯಾಗಿ ತೋರಿಸುತ್ತಾರೆ. ‘ಅಥವಾ’ ಕೊಟ್ಟ ಕಡೆಯೂ ಎಚ್ಚರ ಬೇಕು. ಒಂದು ಆಯ್ಕೆ ನಕ್ಷೆಯ ವಿಶ್ಲೇಷಣೆ, ಇನ್ನೊಂದು ಬರೀ ವ್ಯಾಖ್ಯೆ ಆದರೆ ಬಹುತೇಕ ಮಕ್ಕಳು ವ್ಯಾಖ್ಯೆಗೇ ಕೈ ಹಾಕುತ್ತಾರೆ. ಕಾಗದದ ಮೇಲೆ 10 ಇದ್ದ ವಿಶ್ಲೇಷಣೆ ಅಲ್ಲಿಗೆ ಕರಗುತ್ತದೆ.

ಇಷ್ಟೆಲ್ಲ ಸರಿಯಾಗಿದ್ದರೆ ಒಟ್ಟು ಅಂಕ ಮುಚ್ಚಿಟ್ಟದ್ದನ್ನು ನೀಲನಕ್ಷೆ ತೆರೆದು ತೋರಿಸುತ್ತದೆ. ಇಬ್ಬರು ಮಕ್ಕಳಿಗೆ 24 ಅಂಕ ಬಂದಿದೆ. ಒಬ್ಬನದು ಸ್ಮರಣೆಯಲ್ಲಿ 16, ಅನ್ವಯದಲ್ಲಿ 6, ವಿಶ್ಲೇಷಣೆಯಲ್ಲಿ 2. ಇನ್ನೊಬ್ಬಳದು 9, 9, 6. ಮೊದಲಿನವನಿಗೆ ಹೊಸ ಲೆಕ್ಕಗಳ ಅಭ್ಯಾಸ ಬೇಕು, ಎರಡನೆಯವಳು ವ್ಯಾಖ್ಯೆಗಳನ್ನು ಒಮ್ಮೆ ತಿರುವಿ ಹಾಕಬೇಕು. ಇಬ್ಬರಿಗೂ ಒಂದೇ ಪರಿಹಾರ ಬೋಧನೆ ಕೊಟ್ಟರೆ ಒಬ್ಬರ ಹೊತ್ತಾದರೂ ವ್ಯರ್ಥ. ಆದರೆ ಜೀವಕೋಶದ ವಿಶ್ಲೇಷಣೆಗೆ ಇರುವುದು 2 ಅಂಕದ ಒಂದೇ ಪ್ರಶ್ನೆ. ಅದು ತಪ್ಪಿತೆಂದು ಮಗುವಿಗೆ ಆ ಪಾಠ ಅರ್ಥವಾಗಿಲ್ಲ ಎಂದು ಷರಾ ಬರೆಯಲಾಗದು. ನೆಚ್ಚಬೇಕಾದದ್ದು ಉದ್ದಸಾಲಿನ ಮೊತ್ತವನ್ನು, ಒಂಟಿ ಚೌಕವನ್ನಲ್ಲ.