ಕಿತ್ತಳೆ ಸಿಪ್ಪೆಗೆ ನಾಲ್ಕು ವೃತ್ತ

ಹುಲಿಕುಂಟೆಯ ಶಾಲೆಯಿರಲಿ, ಪಾವಗಡದ ಗಡಿ ಹಳ್ಳಿಯ ಶಾಲೆಯಿರಲಿ, ಗೋಳದ ಮೇಲ್ಮೈ ವಿಸ್ತೀರ್ಣ 4πr² ಎಂಬ ಸೂತ್ರ ಮಕ್ಕಳಿಗೆ ಬಾಯಿಪಾಠ. πr² ಎಂದರೆ ವೃತ್ತದ ವಿಸ್ತೀರ್ಣ. ಹಾಗಾದರೆ ದುಂಡನೆಯ ಹಣ್ಣನ್ನು ನಟ್ಟನಡುವೆ ಕೊಯ್ದಾಗ ಕಾಣುವ ವೃತ್ತದಂಥ ನಾಲ್ಕು ವೃತ್ತಗಳನ್ನು ಅದರ ಸಿಪ್ಪೆ ಮುಚ್ಚಬೇಕು. ಕಿತ್ತಳೆ ಸುಲಿದು ಇದನ್ನು ನೋಡಬಹುದು.

ಮೊದಲು ಹಣ್ಣಿನ ನಡುವಿಗೆ ದಾರ ಸುತ್ತಿ ಅಳೆಯಿರಿ. ಸುತ್ತಳತೆ 22 ಸೆಂ.ಮೀ. ಬಂದರೆ ತ್ರಿಜ್ಯ ಸುಮಾರು 3.5 ಸೆಂ.ಮೀ. ಕೈವಾರದಿಂದ ಅದೇ ತ್ರಿಜ್ಯದ ನಾಲ್ಕು ವೃತ್ತ ಬರೆಯಿರಿ. ಒಂದೊಂದರ ವಿಸ್ತೀರ್ಣ ಸುಮಾರು 38.5 ಚದರ ಸೆಂ.ಮೀ., ನಾಲ್ಕೂ ಸೇರಿ 154. ಕೊಯ್ದ ಹೋಳನ್ನು ಕಾಗದದ ಮೇಲೆ ಒತ್ತಿ ಗೆರೆ ಎಳೆಯುವುದಕ್ಕಿಂತ ಇದು ಮೇಲು. ಒತ್ತಿದರೆ ಹೋಳು ಚಪ್ಪಟೆಯಾಗಿ ವೃತ್ತ ದೊಡ್ಡದಾಗುತ್ತದೆ.

ಸುಲಿದ ಸಿಪ್ಪೆಯ ದೊಡ್ಡ ತುಂಡು ಮೇಜಿನ ಮೇಲೆ ಚಪ್ಪಟೆಯಾಗಿ ಕೂರುವುದಿಲ್ಲ. ಒತ್ತಿದರೆ ಅಂಚು ಸೀಳುತ್ತದೆ, ಸೀಳಿನಲ್ಲಿ ಸಂದು ಬೀಳುತ್ತದೆ. ಆದ್ದರಿಂದ ಬೆರಳುಗುರಿನಷ್ಟು ಚಿಕ್ಕ ತುಂಡು ಮಾಡಿ, ಕಿತ್ತಳೆ ಬಣ್ಣದ ಮುಖ ಮೇಲಿರುವಂತೆ ಜೋಡಿಸಬೇಕು. ಸಿಪ್ಪೆಗೂ ದಪ್ಪವಿದೆ: 3 ಮಿ.ಮೀ. ದಪ್ಪವಿದ್ದರೆ ಒಳಗಿನ ಬಿಳಿ ಮುಖದ ವಿಸ್ತೀರ್ಣ 129 ಚದರ ಸೆಂ.ಮೀ. ಮಾತ್ರ. ಬಿಳಿ ಮುಖದ ಲೆಕ್ಕ ಹಿಡಿದರೆ ನಾಲ್ಕನೆಯ ವೃತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಖಾಲಿ ಉಳಿಯುತ್ತದೆ.

ಇಷ್ಟು ಜೋಪಾನವಾಗಿ ಮಾಡಿದರೂ ಲೆಕ್ಕ ಕೈಕೊಡಬಹುದು. ಕಾರಣ, ಸುಲಭವಾಗಿ ಸುಲಿಯುವ ಕಿತ್ತಳೆ ತೊಟ್ಟಿನ ಕಡೆಯಿಂದ ಅದುಮಿದ ಹಾಗೆ ಚಪ್ಪಟೆಯಾಗಿರುತ್ತದೆ. ಅಗಲ 7.5, ಎತ್ತರ 6 ಸೆಂ.ಮೀ. ಇರುವ ಹಣ್ಣನ್ನೇ ತೆಗೆದುಕೊಳ್ಳಿ. ಅದರ ಸಿಪ್ಪೆ ಸುಮಾರು 154 ಚದರ ಸೆಂ.ಮೀ., ಅಡ್ಡ ಕೊಯ್ದಾಗಿನ ವೃತ್ತ ಸುಮಾರು 44. ಸಿಪ್ಪೆ ಮೂರೂವರೆ ವೃತ್ತಕ್ಕೇ ಮುಗಿಯುತ್ತದೆ. ಅದೇ ಹಣ್ಣನ್ನು ತೊಟ್ಟಿನಿಂದ ಕೆಳಕ್ಕೆ ಸೀಳಿದರೆ ಕಾಣುವ ಅಂಡಾಕಾರ ಸುಮಾರು 35. ಅಂಥವು ನಾಲ್ಕನ್ನು ತುಂಬಿ ಸಿಪ್ಪೆ ಮಿಗುತ್ತದೆ. ಸೂತ್ರ ಸುಳ್ಳಲ್ಲ, ಹಣ್ಣು ಗೋಳವಲ್ಲ. ದಾರವನ್ನು ಅಡ್ಡಕ್ಕೂ ಉದ್ದಕ್ಕೂ ಸುತ್ತಿ, ಎರಡೂ ಅಳತೆ ಒಂದೇ ಬರುವ ಹಣ್ಣನ್ನು ಆರಿಸಿಕೊಳ್ಳಬೇಕು.

ಆಗಲೂ ಸಿಪ್ಪೆ ‘ಸುಮಾರು ನಾಲ್ಕು’ ಎನ್ನುತ್ತದೆಯೇ ಹೊರತು ‘ನಿಖರವಾಗಿ ನಾಲ್ಕು’ ಎನ್ನಲಾರದು. ಅದಕ್ಕೆ ತರ್ಕ ಬೇಕು. ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ಇದನ್ನು ಸಾಧಿಸಿದ್ದ. 12ನೇ ಶತಮಾನದ ಭಾಸ್ಕರಾಚಾರ್ಯ ‘ಲೀಲಾವತಿ’ಯಲ್ಲಿ ವೃತ್ತದ ವಿಸ್ತೀರ್ಣದ ನಾಲ್ಕು ಪಟ್ಟೇ ಗೋಳದ ಮೇಲ್ಮೈ ಎಂದು ಹೇಳಿದ. ವೃತ್ತದ ವಿಸ್ತೀರ್ಣವನ್ನು ಪರಿಧಿಯಿಂದ ಗುಣಿಸಬೇಕೆಂದಿದ್ದ ಹಿಂದಿನ ಗಣಿತಜ್ಞ ಲಲ್ಲನ ನಿಯಮ ತಪ್ಪೆಂದೂ ತೋರಿಸಿದ. ಭಾಸ್ಕರಾಚಾರ್ಯ ಮಾಡಿದ್ದೂ ಸುಲಿಯುವ ಕೆಲಸವನ್ನೇ, ಆದರೆ ಮನಸ್ಸಿನಲ್ಲಿ: ನೆಲ್ಲಿಕಾಯಿಯ ಗೆರೆಗಳಂತೆ ಗೋಳದ ಮೈಯನ್ನು ತುದಿಯಿಂದ ತುದಿಗೆ ಪಟ್ಟಿಗಳಾಗಿ ಸೀಳಿ, ತನ್ನ ಜ್ಯಾ ಕೋಷ್ಟಕದ ಬೆಲೆಗಳಿಂದ ಒಂದು ಪಟ್ಟಿಯ ವಿಸ್ತೀರ್ಣ ಕೂಡಿದ. ಎಲ್ಲ ಪಟ್ಟಿಗಳೂ ಸೇರಿದಾಗ ಬಂದದ್ದು ಪರಿಧಿ ಗುಣಿಸು ವ್ಯಾಸ. ಪರಿಧಿ 2πr, ವ್ಯಾಸ 2r, ಗುಣಿಸಿದರೆ 4πr².