ಕ್ರಯಪತ್ರದ ಸಾರಾಂಶ: ಕೊಳ್ಳುವವರ ಮನೆಮಂದಿ ತಾಳೆ ನೋಡತಕ್ಕ ಒಂದು ಹಾಳೆ

ಕಡೂರು ತಾಲ್ಲೂಕು ಸಿಂಗಟಗೆರೆ ಹೋಬಳಿಯಲ್ಲಿ ತೆಂಗಿನ ತೋಟವನ್ನಾಗಲಿ ರಾಗಿಯ ಹೊಲವನ್ನಾಗಲಿ ಕ್ರಯಕ್ಕೆ ಕೊಳ್ಳುವ ಕುಟುಂಬವು ಅನೇಕ ವರ್ಷಗಳ ಉಳಿತಾಯವನ್ನು ಒಂದೇ ದಿನ ಕೈಬಿಡುತ್ತದೆ. ಹಾಗಿದ್ದರೂ ಪತ್ರವನ್ನು ಓದಿ ತಿಳಿದುಕೊಳ್ಳುವವರು ಮನೆಯಲ್ಲಿ ಒಬ್ಬರೋ ಇಬ್ಬರೋ ಮಾತ್ರ. ಮಿಕ್ಕವರು ಪತ್ರ ಬರೆದವರ ಮಾತನ್ನು ನಂಬಿ ಸುಮ್ಮನಿರುತ್ತಾರೆ. ಹತ್ತು ಹನ್ನೆರಡು ಪುಟಗಳ ಪತ್ರವನ್ನು ಒಂದು ಹಾಳೆಗೆ ಇಳಿಸಿ, ಅದರಲ್ಲಿನ ಪ್ರತಿಯೊಂದು ಸಂಗತಿಯನ್ನೂ ಮನೆಯವರೇ ತಾಳೆ ನೋಡುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಮೊದಲು ತಿಳಿಯತಕ್ಕ ಸಂಗತಿಯೆಂದರೆ, ಈ ಹಾಳೆಯನ್ನು ನೋಂದಣಿಯಾದ ಪತ್ರದಿಂದಲ್ಲ, ಕರಡಿನಿಂದಲೇ ತಯಾರಿಸಬೇಕು. ನೋಂದಣಿಯಾದ ಮೇಲೆ ಒಂದು ಅಂಕಿ ತಪ್ಪಿದ್ದರೂ ತಿದ್ದುಪಡಿ ಪತ್ರ ಬೇಕಾಗುವುದು. ಅದಕ್ಕೆ ಮಾರಿದವರು ಮತ್ತೆ ಬಂದು ರುಜು ಮಾಡಬೇಕು. ಹಣ ಕೈಸೇರಿದ ಮೇಲೆ ಅವರು ಬರುವರೆಂಬ ಭರವಸೆ ಇರುವುದಿಲ್ಲ.

ಬಿಡತಕ್ಕದ್ದು, ಇಡತಕ್ಕದ್ದು

ನಮ್ಮ ಕಡೆಯ ಕ್ರಯಪತ್ರಗಳಲ್ಲಿ "ನಿಧಿ ನಿಕ್ಷೇಪ ಜಲ ತರು ಪಾಷಾಣ" ಎಂಬುದಾಗಿಯೂ, "ಆಚಂದ್ರಾರ್ಕವಾಗಿ ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು" ಎಂಬುದಾಗಿಯೂ ಇರುವ ಮಾತುಗಳು ರೂಢಿಯಿಂದ ಬಂದವು. ಅವು ಪತ್ರದಲ್ಲಿ ಇರಲಿ. ಆದರೆ ಯಾವ ಕಚೇರಿಗೆ ಹೋದರೂ, ಯಾವ ಹೊಲದಲ್ಲಿ ನಿಂತರೂ ಅವನ್ನು ತಾಳೆ ನೋಡುವಂತಿಲ್ಲ. ಆದುದರಿಂದ ಹಾಳೆಯಲ್ಲಿ ಅವಕ್ಕೆ ಸ್ಥಳವಿಲ್ಲ. ಹೆಸರು, ಅಂಕಿ, ತಾರೀಖು, ದಿಕ್ಕು ಇವುಗಳಿಗೆ ಮಾತ್ರ ಸ್ಥಳ.

ಹಾಳೆಯನ್ನು ಮೂರು ಅಂಕಣಗಳಾಗಿ ಗೆರೆ ಹಾಕಿ. ಮೊದಲನೆಯದರಲ್ಲಿ ಪತ್ರದಲ್ಲಿ ಏನಿದೆಯೋ ಅದನ್ನೇ ಅಕ್ಷರಶಃ ಬರೆಯತಕ್ಕದ್ದು. ಎರಡನೆಯದರಲ್ಲಿ ಅದನ್ನು ಎಲ್ಲಿ ತಾಳೆ ನೋಡಬೇಕೆಂಬುದು. ಮೂರನೆಯದರಲ್ಲಿ ಮನೆಯವರ ಪೈಕಿ ಯಾರು ನೋಡಿದರು, ಏನು ಕಂಡರು ಎಂಬುದು. ಪತ್ರದಲ್ಲಿ ಒಂದು ಸಂಗತಿ ಇಲ್ಲದಿದ್ದರೆ ಊಹಿಸಿ ತುಂಬದೆ "ಪತ್ರದಲ್ಲಿ ಇಲ್ಲ" ಎಂದೇ ಬರೆಯಬೇಕು. ಅನೇಕ ವೇಳೆ ಈ ಎರಡು ಪದಗಳೇ ಹಾಳೆಯಲ್ಲಿ ಮುಖ್ಯವಾದ ಸಾಲಾಗುತ್ತವೆ.

ಸಾಲುಗಳು ಐದು ಸಾಕು: ಮಾರುವವರು ಯಾರು, ಅವರಿಗೆ ಸ್ವತ್ತು ಹೇಗೆ ಬಂತು, ಸರ್ವೆ ನಂಬರು, ಹಿಸ್ಸೆ, ವಿಸ್ತೀರ್ಣ, ಖರಾಬು, ಚಕ್ಕುಬಂದಿ, ಕ್ರಯದ ಹಣ, ಋಣಭಾರ.

ಒಂದು ಉದಾಹರಣೆ

ವಿಷಯವು ಸ್ಪಷ್ಟವಾಗಲೆಂದು ಒಂದು ಕಲ್ಪಿತ ಕರಡನ್ನು ತೆಗೆದುಕೊಳ್ಳೋಣ. ಸಿಂಗಟಗೆರೆ ಹೋಬಳಿಯ ಒಂದು ಗ್ರಾಮದ ತೆಂಗಿನ ತೋಟ. ಅದರಿಂದ ಇಳಿಸಿದ ಹಾಳೆಯ ಮೊದಲನೆಯ ಅಂಕಣ ಹೀಗಿದೆ:

1. ಬರೆದುಕೊಟ್ಟವರು: ಅಣ್ಣ ತಮ್ಮಂದಿರಿಬ್ಬರು. ಸ್ವತ್ತು ಬಂದ ಬಗೆ: ಪಿತ್ರಾರ್ಜಿತ, ತಂದೆ 2011ರಲ್ಲಿ ತೀರಿಕೊಂಡ ಮೇಲೆ ಪೌತಿ ಖಾತೆ.
2. ಸರ್ವೆ ನಂಬರು 61, ಹಿಸ್ಸೆ 2. ವಿಸ್ತೀರ್ಣ 2 ಎಕರೆ 8 ಗುಂಟೆ. ಖರಾಬು: ಪತ್ರದಲ್ಲಿ ಇಲ್ಲ.
3. ಚಕ್ಕುಬಂದಿ: ಪೂರ್ವಕ್ಕೆ ನೆರೆಯವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಹಿಸ್ಸೆ 1.
4. ಕ್ರಯ: ಗುಂಟೆಗೆ 30,000 ರೂಪಾಯಿಯಂತೆ 88 ಗುಂಟೆಗೆ 26,40,000 ರೂಪಾಯಿ.
5. ಋಣಭಾರ: ಯಾವುದೂ ಇಲ್ಲ.

ಮನೆಯವರು ಈ ಸಾಲುಗಳನ್ನು ಹಂಚಿಕೊಂಡು ಹೊರಟರೆಂದು ತಿಳಿಯಿರಿ.

ಒಬ್ಬರು ನಾಡಕಚೇರಿಯಿಂದ ಪಹಣಿಯನ್ನು ಪಡೆದರು. ವಿಸ್ತೀರ್ಣ 2 ಎಕರೆ 8 ಗುಂಟೆಯೇ. ಆದರೆ ಅದರಲ್ಲಿ 6 ಗುಂಟೆ 'ಬ' ಖರಾಬು. 'ಅ' ಖರಾಬೆಂದರೆ ಸಾಗುವಳಿಗೆ ಬಾರದ್ದೆಂದು ಕಂದಾಯ ಬಿಟ್ಟ ನೆಲ. 'ಬ' ಖರಾಬೆಂದರೆ ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಅದನ್ನು ಮಾರುವ ಹಕ್ಕು ಮಾರುವವರಿಗಿಲ್ಲ. ಹಾಗಾಗಿ ಕೊಳ್ಳತಕ್ಕದ್ದು 88 ಗುಂಟೆಯಲ್ಲ, 82 ಗುಂಟೆ. ಕರಡಿನಲ್ಲಿ ಖರಾಬಿನ ಮಾತೇ ಇಲ್ಲದ್ದರಿಂದ 1,80,000 ರೂಪಾಯಿ ಹಳ್ಳಕ್ಕೂ ದಾರಿಗೂ ಸಲ್ಲುವುದರಲ್ಲಿತ್ತು.

ಇನ್ನೊಬ್ಬರು ತೋಟಕ್ಕೆ ಹೋಗಿ ಮರಗಳನ್ನು ಎಣಿಸಿದರು. ಮರದಿಂದ ಮರಕ್ಕೆ 30 ಅಡಿ; ಎಂದರೆ ಒಂದು ಮರಕ್ಕೆ 900 ಚದರಡಿ. ಒಂದು ಗುಂಟೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರಡಿ. ಬೇಲಿಯೊಳಗೆಲ್ಲ ತೆಂಗೇ ಇದ್ದುದರಿಂದ 82 ಗುಂಟೆಯಲ್ಲಿ ಸುಮಾರು 99 ಮರ ಇರಬೇಕು. ಎಣಿಸಿದಾಗ 74 ಮಾತ್ರ. 74 ಮರಕ್ಕೆ 66,600 ಚದರಡಿ, ಅಂದರೆ 61 ಗುಂಟೆ. ಹಾಗಾದರೆ ಮಿಕ್ಕ 21 ಗುಂಟೆ ಎಲ್ಲಿ?

ಈ ಲೆಕ್ಕವು ಸಂಶಯವನ್ನು ಹುಟ್ಟಿಸಬಲ್ಲದೇ ಹೊರತು ತೀರ್ಪು ಹೇಳಲಾರದು. ಬದುವಿನ ಅಂಚು, ಸತ್ತ ಮರದ ಗುಂಡಿ, ಸಾಲಿನ ಓರೆಕೋರೆಗಳಿಂದ ಸ್ವಲ್ಪ ಹೆಚ್ಚುಕಡಮೆ ಬಂದೇ ಬರುತ್ತದೆ. ಆದರೆ 25 ಮರಗಳ ಕೊರತೆ ಸ್ವಲ್ಪವಲ್ಲ. ಆದುದರಿಂದ ಮಾರುವವರಿಂದಲೇ ಹದ್ದುಬಸ್ತಿಗೆ ಅರ್ಜಿ ಹಾಕಿಸಿ ಸರ್ವೆಯವರಿಂದ ಅಳತೆ ಮಾಡಿಸಬೇಕಾಯಿತು. ಪೂರ್ವದ ಬೇಲಿ ಒಳಕ್ಕೆ ಬಂದು, 19 ಗುಂಟೆ ನೆರೆಯವರ ರಾಗಿ ಹೊಲದಲ್ಲಿ ಸೇರಿದ್ದುದು ಗೊತ್ತಾಯಿತು.

ಇಲ್ಲಿ ಚಕ್ಕುಬಂದಿಯು ಏಕೆ ಎಚ್ಚರಿಸಲಿಲ್ಲವೆಂಬುದನ್ನು ಗಮನಿಸಬೇಕು. "ಪೂರ್ವಕ್ಕೆ ನೆರೆಯವರ ಜಮೀನು" ಎಂಬ ಮಾತು ಬೇಲಿ ಇದ್ದಲ್ಲಿ ನಿಂತರೂ ನಿಜ, ಅಸಲು ಗಡಿಕಲ್ಲಿನ ಬಳಿ ನಿಂತರೂ ನಿಜ. ಅಲ್ಲದೆ ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ವಿರೋಧ ಬಂದಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಯ ಕಡೆಗೆ ಒಲಿಯುತ್ತವೆ. ಬೇಲಿಯೇ ಗಡಿಯೆಂಬಂತೆ ಬರೆದ ಪತ್ರವನ್ನು ಹಿಡಿದುಕೊಂಡವರು ಪತ್ರದಲ್ಲಿ 2 ಎಕರೆ 8 ಗುಂಟೆ ಇದೆಯೆಂದು ವಾದಿಸಿ ಗೆಲ್ಲುವುದು ಕಷ್ಟ. ಆದ ಕಾರಣ ಹಾಳೆಯ ಮೂರನೆಯ ಸಾಲನ್ನು ಮನೆಯಲ್ಲಿ ಕುಳಿತು ತಾಳೆ ನೋಡಬಾರದು; ನಾಲ್ಕು ಮೂಲೆಯ ಗಡಿಕಲ್ಲುಗಳನ್ನು ಕಾಲಿನಿಂದ ಮುಟ್ಟಿ ನೋಡಬೇಕು.

ಮುಂದಿನ ದಾರಿ ಎರಡು. ಮಾರುವವರು ಆ 19 ಗುಂಟೆಯನ್ನು ಬಿಡಿಸಿಕೊಂಡು ಅನಂತರ ಪತ್ರ ಮಾಡಿಕೊಡುವುದು ಒಂದು. ಸ್ವಾಧೀನದಲ್ಲಿರುವ 63 ಗುಂಟೆಗೆ, ಅಂದರೆ 1 ಎಕರೆ 23 ಗುಂಟೆಗೆ ಮಾತ್ರ, 18,90,000 ರೂಪಾಯಿಗೆ ಪತ್ರ ಬರೆಸುವುದು ಇನ್ನೊಂದು. ಎರಡನೆಯದಾದರೆ ಹಿಸ್ಸೆಯ ಒಂದು ಭಾಗವನ್ನು ಮಾತ್ರ ಕೊಳ್ಳುವುದರಿಂದ 11ಇ ನಕ್ಷೆಯನ್ನು ಮೊದಲೇ ಮಾಡಿಸಿರಬೇಕು.

ರುಜು ಮಾಡದವರ ಹೆಸರು

ಮೂರನೆಯವರು ಒಂದನೆಯ ಸಾಲನ್ನು ಹಿಡಿದುಕೊಂಡು ಹೋದರು. ಪಹಣಿಯ 9ನೆಯ ಅಂಕಣದಲ್ಲಿ ಅಣ್ಣ ತಮ್ಮಂದಿರ ಹೆಸರುಗಳೇ ಇದ್ದವು. ಇಷ್ಟಕ್ಕೆ ಸಮಾಧಾನಪಡುವವರು ಬಹುಮಂದಿ. ಆದರೆ ಪಹಣಿಯು ಕಂದಾಯದ ದಾಖಲೆಯೇ ಹೊರತು ಹಕ್ಕಿನ ಮೂಲವಲ್ಲ. ವಂಶವೃಕ್ಷವನ್ನು ತರಿಸಿ ನೋಡಿದಾಗ ತೀರಿಕೊಂಡವರಿಗೆ ಹೆಂಡತಿಯೂ ಒಬ್ಬ ಮಗಳೂ ಇರುವುದು ಕಂಡಿತು. ಮಗಳನ್ನು ಯಗಟಿಯ ಕಡೆಗೆ ಕೊಟ್ಟಿತ್ತು.

2005ರ ತಿದ್ದುಪಡಿಯಾದ ಹಿಂದೂ ಉತ್ತರಾಧಿಕಾರ ಕಾನೂನಿನಂತೆ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದೆ. ತಾಯಿಯೂ ಗಂಡನ ಭಾಗಕ್ಕೆ ವಾರಸುದಾರಳು. ಆದುದರಿಂದ ತಾಯಿಯೂ ಮಗಳೂ ಬರೆದುಕೊಟ್ಟವರ ಪಟ್ಟಿಯಲ್ಲಿ ಸೇರಿ ರುಜು ಮಾಡಬೇಕು, ಇಲ್ಲವೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಕೊಟ್ಟಿರಬೇಕು. "ಅವಳು ಕೇಳುವುದಿಲ್ಲ, ನಾವು ಹೇಳುತ್ತೇವೆ" ಎಂಬ ಅಣ್ಣಂದಿರ ಮಾತು ಪತ್ರವಾಗಲಾರದು. ಇದು ಕೊಳ್ಳುವವರ ಕ್ಷೇಮ ಮಾತ್ರವಲ್ಲ. ಆ ಹೆಣ್ಣುಮಗಳ ಭಾಗವು ಅವಳಿಗೆ ತಿಳಿಯದೆ ಕೈಬಿಟ್ಟುಹೋಗದಂತೆಯೂ ಆಗುತ್ತದೆ.

ಋಣದ ಸಾಲು

"ಯಾವ ಋಣಭಾರವೂ ಇಲ್ಲ" ಎಂಬುದು ಮಾರುವವರ ಮಾತು. ಅದನ್ನು ಎರಡು ಕಡೆ ನೋಡಬೇಕು. ಕಡೂರಿನ ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಒಂದು. ವಹಿವಾಟು ಇದ್ದರೆ ಅದು ನಮೂನೆ 15ರಲ್ಲಿಯೂ, ಇಲ್ಲದಿದ್ದರೆ ನಮೂನೆ 16ರಲ್ಲಿಯೂ ಬರುತ್ತದೆ. ಪಹಣಿಯ 11ನೆಯ ಅಂಕಣ ಇನ್ನೊಂದು. ನಮ್ಮ ಉದಾಹರಣೆಯಲ್ಲಿ ಈ ಅಂಕಣದಲ್ಲಿ ಸಹಕಾರ ಸಂಘದ ಬೆಳೆಸಾಲ ಕಂಡಿತು. ಸಾಲ ತೀರಿದೆಯೆಂದು ಮಾರುವವರು ಹೇಳಿದರು, ಇರಬಹುದು. ಸಂಘದಿಂದ ಬಾಕಿ ಇಲ್ಲವೆಂಬ ಪತ್ರವನ್ನು ತಂದು, ಪಹಣಿಯಿಂದ ಆ ನಮೂದು ಹೋದ ಮೇಲೆಯೇ ಐದನೆಯ ಸಾಲಿಗೆ ಗುರುತು ಹಾಕಬೇಕು.

ಋಣಭಾರ ಪ್ರಮಾಣಪತ್ರಕ್ಕೂ ಮಿತಿ ಉಂಟು. ನೋಂದಣಿಯಾದ ವಹಿವಾಟು ಮಾತ್ರ ಅದರಲ್ಲಿ ಬರುತ್ತದೆ. ಬಾಯಿಮಾತಿನ ವಿಭಾಗ, ನೋಂದಾಯಿಸದ ಕರಾರು, ಮುಂಗಡ ಕೊಟ್ಟು ಕಾಯುತ್ತಿರುವ ಇನ್ನೊಬ್ಬ ಗಿರಾಕಿ ಇವು ಬರುವುದಿಲ್ಲ. ಇವನ್ನು ಊರಿನಲ್ಲಿ ವಿಚಾರಿಸಿಯೇ ತಿಳಿಯಬೇಕು. ಗ್ರಾಮದ ಮುಖಂಡರ ಒಂದು ಮಾತು ಇಲ್ಲಿ ಕಚೇರಿಯ ಕಾಗದಕ್ಕಿಂತ ಹೆಚ್ಚು ಬೆಳಕು ಕೊಡಬಹುದು.

ಹಾಳೆಯಿಂದ ಆಗದ ಕೆಲಸ

ಸ್ವತ್ತು ಮೂಲದಲ್ಲಿ ಸರ್ಕಾರದ ಮಂಜೂರಾತಿಯಿಂದ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಬಂದದ್ದಾದರೆ, 1978ರ ಕಾನೂನಿನಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ, ನೋಂದಣಿಯಾಗಿದ್ದರೂ ಅಷ್ಟೆ. ಇಂಥ ಸಂದರ್ಭದಲ್ಲಿ ಹಾಳೆಯನ್ನು ಕಟ್ಟಿಟ್ಟು ವಕೀಲರ ಬಳಿಗೆ ಹೋಗತಕ್ಕದ್ದು. ಹಳೆಯ ಮೂಲಪತ್ರಗಳನ್ನು ನೋಡುವಾಗ ಸ್ಥಳದ ಹೆಸರು ಬೇರೆಯಾಗಿದ್ದರೆ ಗಾಬರಿಯಾಗಬೇಕಾಗಿಲ್ಲ: 1947ರ ಹಿಂದಿನ ಪತ್ರಗಳಲ್ಲಿ ಈ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ, ಈಚೆಗೆ ತಾಲ್ಲೂಕಾದ ಅಜ್ಜಂಪುರದ ಗ್ರಾಮಗಳು ಮೊದಲಿನ ಪತ್ರಗಳಲ್ಲಿ ತರೀಕೆರೆ ತಾಲ್ಲೂಕೆಂದೇ ಇರುತ್ತವೆ. ಜಿಲ್ಲೆ ತಾಲ್ಲೂಕುಗಳ ಹೆಸರನ್ನು ಬಿಟ್ಟು ಗ್ರಾಮದ ಹೆಸರನ್ನೂ ಸರ್ವೆ ನಂಬರನ್ನೂ ಹಿಡಿದು ಹೋಗಬೇಕು.

ಐದು ಸಾಲಿಗೂ ಗುರುತು ಬಿದ್ದ ಮೇಲೆ ಕರಡನ್ನು ತಿದ್ದಿಸಿ, ರುಜುವಾದ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಕ್ರಯದ ಹಣದ ಪ್ರತಿಯೊಂದು ಕಂತಿಗೂ ಬ್ಯಾಂಕಿನ ಚೆಕ್ಕಿನ ನಂಬರೂ ತಾರೀಖೂ ಪತ್ರದಲ್ಲಿ ಬಂದು, ಅವು ಪಾಸುಪುಸ್ತಕಕ್ಕೆ ಸರಿಹೊಂದಬೇಕು. ಅನಂತರ ಹಾಳೆಯ ಕೊನೆಗೆ ಆರನೆಯ ಸಾಲೊಂದನ್ನು ಸೇರಿಸತಕ್ಕದ್ದು: ನೋಂದಣಿ ಸಂಖ್ಯೆ, ತಾರೀಖು, ಖಾತೆ ಬದಲಾವಣೆಯ ಎಂ.ಆರ್. ನಂಬರು. ಹೊಸ ಪಹಣಿಯಲ್ಲಿ ಕೊಂಡವರ ಹೆಸರೂ ಕೊಂಡಷ್ಟೇ ವಿಸ್ತೀರ್ಣವೂ ಕಂಡ ದಿನ ಆ ಹಾಳೆಯನ್ನು ಪತ್ರದೊಡನೆ ಪೆಟ್ಟಿಗೆಯಲ್ಲಿ ಇಡಬಹುದು.