ಹೊದಿಕೆ ಇಲ್ಲದ ಮರಳು

ಜನವರಿಯಲ್ಲಿ ಜೈಸಲ್ಮೇರ್ ಹತ್ತಿರದ ಸಮ್ ಮರಳುದಿಬ್ಬಗಳಿಗೆ ಹೋದವರು ಮಧ್ಯಾಹ್ನ ಅಂಗಿಯ ತೋಳು ಮಡಚಿಕೊಂಡು ಒಂಟೆಯ ಮೇಲೆ ಕೂರುತ್ತಾರೆ. ಅದೇ ಜನ ರಾತ್ರಿ ಬೆಂಕಿಯ ಸುತ್ತ ಶಾಲು ಹೊದ್ದು ಮುದುರಿಕೊಳ್ಳುತ್ತಾರೆ. ಆ ತಿಂಗಳಲ್ಲಿ ಅಲ್ಲಿ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 23-24 ಡಿಗ್ರಿ ಸೆಲ್ಸಿಯಸ್. ಬೆಳಗಿನ ಜಾವ 8ರ ಆಸುಪಾಸು. ಕರಾವಳಿಯ ಮಂಗಳೂರಿನಲ್ಲಿ ಹಗಲು-ರಾತ್ರಿಗಳ ನಡುವೆ ಇಷ್ಟು ಅಂತರ ಕಾಣುವುದೇ ಇಲ್ಲ.

ಮರಳು ಬೇಗ ಕಾಯುತ್ತದೆ, ಬೇಗ ಆರುತ್ತದೆ ಎಂಬುದು ಎಲ್ಲರೂ ಕೊಡುವ ಉತ್ತರ. ಅದು ನಿಜವೇ, ಆದರೆ ಅರ್ಧ ಮಾತ್ರ.

ಮೊದಲು ಹಗಲಿನ ಲೆಕ್ಕ ನೋಡೋಣ. ಒದ್ದೆ ನೆಲದ ಮೇಲೆ ಬಿಸಿಲು ಬಿದ್ದರೆ ಅದರ ದೊಡ್ಡ ಪಾಲು ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಿ ಹೋಗಲು, ಅಷ್ಟೇ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖದ ಸುಮಾರು ಏಳು ಪಟ್ಟು ಬೇಕು. ಮರುಭೂಮಿಯಲ್ಲಿ ಆವಿಯಾಗಲು ನೀರೇ ಇಲ್ಲ. ಬಿಸಿಲನ್ನು ತಡೆಯಲು ಮೋಡವೂ ಇಲ್ಲ. ಹಾಗಾಗಿ ಬಂದ ಶಾಖವೆಲ್ಲ ನೆಲವನ್ನೂ ಗಾಳಿಯನ್ನೂ ಕಾಯಿಸುವುದಕ್ಕೇ ಸಲ್ಲುತ್ತದೆ. ಥಾರ್ ಅಂಚಿನ ಫಲೋದಿಯಲ್ಲಿ 2016ರ ಮೇ 19ರಂದು ಗಾಳಿಯ ಉಷ್ಣಾಂಶ 51 ಡಿಗ್ರಿ ಮುಟ್ಟಿತ್ತು. ಅಂಥ ದಿನಗಳಲ್ಲಿ ಮರಳಿನ ಮೇಲ್ಮೈ ಗಾಳಿಗಿಂತಲೂ ಬಹಳ ಬಿಸಿಯಾಗಿರುತ್ತದೆ.

ಆದರೆ ಆ ಬಿಸಿ ಬಹಳ ಆಳಕ್ಕೆ ಇಳಿಯುವುದಿಲ್ಲ. ಒಣ ಮರಳಿನ ಕಣಗಳ ನಡುವೆ ಗಾಳಿ ತುಂಬಿಕೊಂಡಿರುತ್ತದೆ, ಗಾಳಿಯೋ ಶಾಖವನ್ನು ದಾಟಿಸುವುದರಲ್ಲಿ ಬಲು ಜಿಪುಣ. ಸುಡುವ ಮರಳನ್ನು ಮೊಣಕೈ ಆಳಕ್ಕೆ ಬಗೆದು ನೋಡಿದರೆ ಅಲ್ಲಿ ಹಗಲು-ರಾತ್ರಿಗಳ ವ್ಯತ್ಯಾಸವೇ ತಿಳಿಯದು. ಮರುಭೂಮಿಯ ಇಲಿಗಳೂ ಹಲ್ಲಿಗಳೂ ಬಿಲ ತೋಡಿ ಬದುಕುವುದು ಇದೇ ಕಾರಣಕ್ಕೆ. ಅಂದರೆ ದಿನವಿಡೀ ಗಳಿಸಿದ ಶಾಖ ಮೇಲಿನ ತೆಳು ಪದರದಲ್ಲೇ ಕೂತಿರುತ್ತದೆ. ಆಳದಲ್ಲಿ ಕೂಡಿಟ್ಟ ದಾಸ್ತಾನು ಇಲ್ಲ.

ಸೂರ್ಯ ಮುಳುಗಿದ ಮೇಲೆ ಈ ಶಾಖ ಹೋಗುವುದೆಲ್ಲಿಗೆ? ಬಿಸಿಯಾದ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊರಸೂಸುತ್ತದೆ. ನೆಲವೂ ಹಾಗೆಯೇ ಆಕಾಶದ ಕಡೆಗೆ ಶಾಖವನ್ನು ಚೆಲ್ಲುತ್ತಿರುತ್ತದೆ. ಗಾಳಿಯಲ್ಲಿ ನೀರಾವಿ ಇದ್ದರೆ ಅದು ಈ ಕಿರಣಗಳನ್ನು ಹೀರಿ, ಒಂದು ಭಾಗವನ್ನು ನೆಲಕ್ಕೇ ಮರಳಿಸುತ್ತದೆ. ಮೋಡ ಅದಕ್ಕಿಂತ ದಪ್ಪನೆಯ ಕಂಬಳಿ. ಮೋಡ ಕವಿದ ರಾತ್ರಿ ನಮ್ಮೂರುಗಳಲ್ಲಿ ಸೆಕೆ ಬಿಡದಿರುವುದಕ್ಕೆ ಇದೂ ಒಂದು ಕಾರಣ. ಮರುಭೂಮಿಯ ಒಣ ಗಾಳಿಯಲ್ಲಿ ಈ ಹೊದಿಕೆ ತೀರಾ ತೆಳು. ಅರ್ಧ ಉತ್ತರ ಮರಳಿನಲ್ಲಿದ್ದರೆ, ಉಳಿದರ್ಧ ಇರುವುದು ಇಲ್ಲಿ.

ಇನ್ನೊಂದು ತಡೆಯೂ ಅಲ್ಲಿಲ್ಲ. ತೇವ ಇರುವ ಕಡೆ ರಾತ್ರಿ ತಣಿಯುತ್ತಿದ್ದಂತೆ ಇಬ್ಬನಿ ಕಟ್ಟುತ್ತದೆ. ಆವಿ ನೀರಾಗುವಾಗ ಅಡಗಿದ್ದ ಶಾಖ ಹೊರಬಿದ್ದು, ಉಷ್ಣಾಂಶ ಇನ್ನೂ ಇಳಿಯುವುದನ್ನು ನಿಧಾನಿಸುತ್ತದೆ. ಒಣ ಗಾಳಿಯಲ್ಲಿ ಇಬ್ಬನಿಯ ಹಂತ ಬರುವುದೇ ಅಪರೂಪ. ಇಳಿತ ಸೂರ್ಯೋದಯದ ತನಕ ಸಾಗುತ್ತದೆ.

ಬಯಲಿನ ಆಕಾಶ ಎಷ್ಟು ಶಾಖ ಕಸಿಯಬಲ್ಲದು ಎಂಬುದಕ್ಕೆ ಹಳೆಯ ಸಾಕ್ಷಿ ಅಲಹಾಬಾದಿನಲ್ಲಿದೆ. ಅದು ಮರುಭೂಮಿಯಲ್ಲ, ಆದರೆ ಅಲ್ಲಿನ ಚಳಿಗಾಲದ ರಾತ್ರಿಗಳು ಒಣ, ಆಕಾಶ ನಿರ್ಮಲ. ಅಲ್ಲಿ ಮಂಜುಗಡ್ಡೆ ಮಾಡುತ್ತಿದ್ದ ಬಗೆಯನ್ನು ರಾಬರ್ಟ್ ಬಾರ್ಕರ್ 1775ರಲ್ಲಿ ಬರೆದಿಟ್ಟ. ಸುಮಾರು ಎರಡು ಅಡಿ ಆಳದ ಗುಂಡಿಗೆ ಕಬ್ಬು ಅಥವಾ ಜೋಳದ ದಂಟು ಹಾಸಿ, ಮೇಲೆ ಆಳವಿಲ್ಲದ ಮಣ್ಣಿನ ತಟ್ಟೆಗಳನ್ನು ಸಾಲಾಗಿ ಇಟ್ಟು, ಮುಸ್ಸಂಜೆಗೆ ನೀರು ತುಂಬುತ್ತಿದ್ದರು. ಹೊತ್ತು ಮೂಡುವ ಮೊದಲೇ ಬಂದು ಹೆಪ್ಪುಗಟ್ಟಿದ ಪದರವನ್ನು ಎತ್ತಿಕೊಳ್ಳುತ್ತಿದ್ದರು. ಸುತ್ತಲಿನ ಗಾಳಿ ಶೂನ್ಯಕ್ಕೆ ಇಳಿಯದ ರಾತ್ರಿಗಳಲ್ಲೂ ನೀರು ಗಟ್ಟಿಯಾಗುತ್ತಿತ್ತು.

ನೀರು ಆವಿಯಾದದ್ದರಿಂದಲೇ ಹೀಗಾಯಿತೆಂದು ವಾದಿಸಬಹುದು. ಹಾಗಿದ್ದರೆ ಗಾಳಿ ಬೀಸಿದಷ್ಟೂ ಮಂಜುಗಡ್ಡೆ ಹೆಚ್ಚಬೇಕಿತ್ತು. ನಡೆಯುತ್ತಿದ್ದದ್ದು ತಿರುಗಾ ಮುರುಗಾ: ಗಾಳಿ ಎದ್ದರೆ, ಮೋಡ ಮುಸುಕಿದರೆ ಕೆಲಸ ಕೆಡುತ್ತಿತ್ತು. ನಿರ್ಮಲ ಆಕಾಶಕ್ಕೆ ಶಾಖ ಸೋರಿಹೋಗುವುದೇ ಮುಖ್ಯ ಕಾರಣವೆಂದು 1814ರಲ್ಲಿ ಇಬ್ಬನಿಯ ಬಗ್ಗೆ ಬರೆದ ಪ್ರಬಂಧದಲ್ಲಿ ವಿಲಿಯಂ ಚಾರ್ಲ್ಸ್ ವೆಲ್ಸ್ ವಿವರಿಸಿದ.

ಹಾಗೆಂದು ಮರುಭೂಮಿಯ ರಾತ್ರಿಗಳೆಲ್ಲ ನಡುಗಿಸುವುದಿಲ್ಲ. ಮೇ ತಿಂಗಳಲ್ಲಿ ಜೈಸಲ್ಮೇರ್‌ನ ರಾತ್ರಿ 25 ಡಿಗ್ರಿಗಿಂತ ಮೇಲೆಯೇ ಉಳಿಯುವುದು ಸಾಮಾನ್ಯ; ನಲವತ್ತು ದಾಟಿದ ಹಗಲಿಗೆ ಹೋಲಿಸಿ ಅದನ್ನೇ ತಂಪು ಅನ್ನಬೇಕು. ಮುಂಗಾರಿನ ತೇವ ಬಂದಾಗ ಹಗಲು-ರಾತ್ರಿಗಳ ಅಂತರವೂ ಕುಗ್ಗುತ್ತದೆ. ಚಳಿಗಾಲದಲ್ಲಿ ಹೋಗುವವರು ಮಾತ್ರ ಸ್ವೆಟರ್ ಮರೆಯಬಾರದು. ದಿಬ್ಬದ ಮೇಲೆ ಸೂರ್ಯೋದಯ ನೋಡಲು ಕಾಯುವ ಹೊತ್ತೇ ಅಲ್ಲಿ ಅತಿ ಚಳಿಯ ಹೊತ್ತು.